ಗಡಿ ಯಾರ? ಪದಕ್ಕೆ ಪದ ಸೇರಿಸಿದ ಸುಳಿವನ್ನು ಬಿಡಿಸುವ ಬಗೆ

ತುಮಕೂರಿನಿಂದ ಯಶವಂತಪುರಕ್ಕೆ ದಿನಾ ರೈಲಿನಲ್ಲಿ ಹೋಗಿಬರುವ ನಮ್ಮ ಗುಂಪಿನಲ್ಲಿ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರಿದ್ದಾರೆ. ಕೆಲಸ ಬಿಟ್ಟ ಮೇಲೂ ಯಾಕೆ ಓಡಾಡುತ್ತಾರೆ ಅಂತ ಕೇಳಿದರೆ ಮಗಳ ಮನೆ, ಮೊಮ್ಮಗು ಅಂತಾರೆ. ಅವರ ಜೇಬಿನಲ್ಲಿ ಉದ್ದಕ್ಕೆ ಮಡಚಿದ ಒಂದು ನೋಟ್‌ಬುಕ್ ಇರುತ್ತದೆ. ಅದರ ತುಂಬ ಅವರೇ ಕಟ್ಟಿದ ಪದಬಂಧ. ಪೇಪರಿನಲ್ಲಿ ಬರುವಂಥದ್ದಲ್ಲ. ‘ಕಮಲ (3)’ ಅಂದರೆ ‘ತಾವರೆ’ ಅಂತ ಬರೆದು ಮುಂದಕ್ಕೆ ಹೋಗುವ ಹಾಗಿಲ್ಲ. ಇಂಗ್ಲಿಷ್ ಪೇಪರುಗಳ ಕ್ರಿಪ್ಟಿಕ್ ಕ್ರಾಸ್‌ವರ್ಡ್ ನೋಡಿ ಕಲಿತು, ಕನ್ನಡದ ಅಕ್ಷರಕ್ಕೆ ಒಗ್ಗಿಸಿಕೊಂಡ ಗೂಢ ಸುಳಿವುಗಳು.

ನಾನು ಈ ಗುಂಪು ಸೇರಿದ ಮೊದಲ ದಿನ ಅವರು ಕೊಟ್ಟದ್ದು ಇದು:

‘ಶರೀರದ ಜೊತೆ ಕೊಡುಗೆ, ಆಟಕ್ಕೆ ಜಾಗ (3)’

ಕ್ಯಾತ್ಸಂದ್ರ ದಾಟಿತು, ಹಿರೇಹಳ್ಳಿ ದಾಟಿತು, ನನಗೆ ಹೊಳೆಯಲಿಲ್ಲ. ಎದುರು ಕೂತಿದ್ದ ಕಾಲೇಜು ಹುಡುಗಿ ತಲೆ ಎತ್ತದೆ ‘ಮೈದಾನ’ ಅಂದಳು. ಶರೀರ ಅಂದರೆ ಮೈ, ಕೊಡುಗೆ ಅಂದರೆ ದಾನ, ಆಟಕ್ಕೆ ಜಾಗ ಮೈದಾನ. ಬೋಗಿಗೆ ಬೋಗಿ ಕೊಂಡಿ ಹಾಕಿದ ಹಾಗೆ. ಅದಕ್ಕೇ ನಮ್ಮಲ್ಲಿ ಇಂಥದ್ದಕ್ಕೆ ‘ಬೋಗಿ ಸುಳಿವು’ ಅಂತಲೇ ಹೆಸರು. ಇಂಗ್ಲಿಷ್‌ನವರು ಶರಾಡ್ ಅನ್ನುತ್ತಾರೆ. ‘ನನ್ನ ಮೊದಲ ಭಾಗ ಇಂಥದ್ದು, ಎರಡನೆಯದು ಇಂಥದ್ದು, ಇಡಿಯಾಗಿ ನಾನು ಯಾರು?’ ಅಂತ ಕೇಳುವ ಹಳೆಯ ಒಗಟಿನ ಆಟದ ಹೆಸರು ಅದು. ನಮ್ಮಲ್ಲೂ ಅಜ್ಜಿಯರು ‘ಮೂರಕ್ಷರದ ಪದ, ಮೊದಲಕ್ಷರ ತೆಗೆದರೆ ಹೀಗೆ, ಕಡೆಯದು ತೆಗೆದರೆ ಹಾಗೆ’ ಅಂತ ಕೇಳುತ್ತಿದ್ದರಲ್ವಾ, ಅದೇ ಜಾತಿಯದು.

ಗೂಢ ಸುಳಿವಿನಲ್ಲಿ ಬೇರೆ ನಮೂನೆಗಳೂ ಇವೆ. ಒಂದು ಪದಕ್ಕೆ ಎರಡು ಅರ್ಥ ಕೊಡುವುದು ಒಂದು. ‘ನಮ್ಮ ಜಿಲ್ಲೆಯ ತಾಲ್ಲೂಕು, ಪುಟ್ಟ ಹಕ್ಕಿ (2)’ ಅಂದರೆ ಗುಬ್ಬಿ. ಅಕ್ಷರ ಕಲಸಿಡುವುದು ಇನ್ನೊಂದು, ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನು ಇಡುವುದು ಮತ್ತೊಂದು. ಅವನ್ನೆಲ್ಲ ಇಲ್ಲಿ ಮುಟ್ಟುವುದಿಲ್ಲ. ಬೋಗಿ ಸುಳಿವೊಂದನ್ನೇ ಪೂರ್ತಿ ಬಿಚ್ಚಿ ನೋಡೋಣ. ಕನ್ನಡದಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ: ಸಂಧಿ. ಇಂಗ್ಲಿಷ್‌ನಲ್ಲಿ ಕಾರ್ ಪಕ್ಕ ಪೆಟ್ ಇಟ್ಟರೆ ಸುಮ್ನೆ ಕಾರ್ಪೆಟ್ ಆಗುತ್ತದೆ. ನಮ್ಮಲ್ಲಿ ಪದಗಳು ಪಕ್ಕ ಪಕ್ಕ ಬಂದರೆ ಒಂದನ್ನೊಂದು ಕಚ್ಚುತ್ತವೆ.

ಮೊದಲು ಕತೆಯನ್ನು ಮರೆಯಿರಿ

ಈ ಸುಳಿವನ್ನು ತಗೊಳ್ಳಿ. ಇದನ್ನೇ ಹೆಜ್ಜೆ ಹೆಜ್ಜೆಯಾಗಿ ಬಿಡಿಸೋಣ.

‘ಸರಹದ್ದು ಯಾವ ಮನುಷ್ಯನ? ಹೊತ್ತಾದರೆ ಹೇಳುತ್ತೆ (4)’

ಓದಿದ ಕೂಡಲೇ ಮನಸ್ಸಿನಲ್ಲಿ ಒಂದು ಚಿತ್ರ ಬರುತ್ತದೆ. ಎರಡು ಹೊಲದ ನಡುವೆ ಜಗಳ, ಸರ್ವೆಯವರು ಬಂದಿದ್ದಾರೆ, ಯಾರದು ಅಂತ ಆಮೇಲೆ ಗೊತ್ತಾಗುತ್ತದೆ. ಪಾವಗಡದ ಕಡೆಯವರಾದರೆ ಆಂಧ್ರದ ಗಡಿಯೂ ನೆನಪಾಗಬಹುದು. ಈ ಚಿತ್ರ ಪೂರ್ತಿ ಸುಳ್ಳು. ನಿಮ್ಮನ್ನು ದಾರಿ ತಪ್ಪಿಸುವುದಕ್ಕೇ ಕಟ್ಟಿದ್ದು. ಸುಳಿವಿನಲ್ಲಿ ಇರುವುದು ಎರಡೇ ವಸ್ತು: ಉತ್ತರದ ನೇರ ಅರ್ಥ, ಮತ್ತು ಉತ್ತರವನ್ನು ತುಂಡು ತುಂಡಾಗಿ ಕಟ್ಟುವ ಬಗೆ. ಎರಡರ ನಡುವೆ ಎಲ್ಲೋ ಒಂದು ಕಡೆ ಕತ್ತರಿ ಹಾಕಬೇಕು.

ಎಲ್ಲಿ ಕತ್ತರಿಸಬೇಕು ಅನ್ನುವುದಕ್ಕೆ ಒಂದು ಕಟ್ಟುಪಾಡು ಸಹಾಯ ಮಾಡುತ್ತದೆ. ನೇರ ಅರ್ಥ ಯಾವಾಗಲೂ ಸುಳಿವಿನ ಶುರುವಿನಲ್ಲಿ ಇಲ್ಲವೇ ಕೊನೆಯಲ್ಲಿ ಇರುತ್ತದೆ. ನಡುವೆ ಇರುವುದಿಲ್ಲ. ಹಾಗಾಗಿ ಎರಡೇ ಪ್ರಯತ್ನ. ಮೊದಲು ಶುರುವನ್ನು ನೇರ ಅರ್ಥ ಅಂತ ಇಟ್ಟುಕೊಳ್ಳಿ: ‘ಸರಹದ್ದು’ ಅನ್ನುವ ಅರ್ಥದ ನಾಲ್ಕಕ್ಷರದ ಪದ. ಆಗ ‘ಯಾವ ಮನುಷ್ಯನ’, ‘ಹೊತ್ತಾದರೆ ಹೇಳುತ್ತೆ’ ಇವೆರಡೂ ತುಂಡುಗಳಾಗಬೇಕು. ‘ಹೊತ್ತಾದರೆ ಹೇಳುತ್ತೆ’ ಅನ್ನುವಷ್ಟು ಉದ್ದದ ಮಾತಿನಿಂದ ಒಂದು ಚೂರು ಪದ ಬರುವುದು ಕಷ್ಟ. ಈ ಬಾಗಿಲು ಮುಚ್ಚಿ.

ಈಗ ಕೊನೆಯನ್ನು ನೋಡಿ. ‘ಹೊತ್ತಾದರೆ ಹೇಳುತ್ತೆ’ ನೇರ ಅರ್ಥವಾದರೆ, ಹೊತ್ತು ಹೇಳುವಂಥ ವಸ್ತುವೊಂದು ಉತ್ತರ. ಉಳಿದದ್ದು ‘ಸರಹದ್ದು’ ಮತ್ತು ‘ಯಾವ ಮನುಷ್ಯನ’. ಎರಡು ತುಂಡು, ನಾಲ್ಕು ಚೌಕ. ಇದು ಹದವಾಗಿ ಕಾಣುತ್ತದೆ.

ಉತ್ತರ ಇಷ್ಟರಲ್ಲೇ ಹೊಳೆದಿದ್ದರೆ ಒಳ್ಳೆಯದೇ. ಆದರೂ ಬರೆಯಬೇಡಿ, ತುಂಡುಗಳನ್ನು ಕಟ್ಟಿ ನೋಡಿ. ಹೊಳೆಯದವರು ಒಂದು ಚೀಟಿಯಲ್ಲಿ ‘ಸರಹದ್ದು’ ಅನ್ನುವುದಕ್ಕೆ ಬೇರೆ ಪದಗಳನ್ನು ಬರೆಯಿರಿ: ಎಲ್ಲೆ, ಮೇರೆ, ಅಂಚು, ಸೀಮೆ, ಗಡಿ. ಎಲ್ಲವೂ ಎರಡೆರಡು ಅಕ್ಷರದವು. ಇನ್ನು ‘ಯಾವ ಮನುಷ್ಯನ’ ಅನ್ನುವುದಕ್ಕೆ ಎರಡು ಅಕ್ಷರ ಉಳಿಯಿತು: ಯಾರ. ಈಗ ಒಂದೊಂದಾಗಿ ಬಾಯಿಬಿಟ್ಟು ಹೇಳಿ. ಎಲ್ಲೆಯಾರ. ಮೇರೆಯಾರ. ಸೀಮೆಯಾರ. ಗಡಿಯಾರ.

ಬಾಯಿಬಿಟ್ಟು ಹೇಳಿ ಅಂದಿದ್ದು ಸುಮ್ನೆ ಅಲ್ಲ. ಕಣ್ಣು ‘ಗಡಿ’ ಅನ್ನುವುದನ್ನು ಎಲ್ಲೆ ಅಂತಲೇ ಓದುತ್ತದೆ, ಪಕ್ಕದ ‘ಯಾರ’ ಜೊತೆ ಸೇರಿಸಿ ನೋಡುವುದೇ ಇಲ್ಲ. ಕಿವಿಗೆ ಆ ಹಟ ಇಲ್ಲ. ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಇದ್ದ ಊರಿನವನಾಗಿ ನನಗೆ ಇದು ನೋಟ್‌ಬುಕ್ಕಿನಲ್ಲಿ ಕಾಣದೆ, ಪಕ್ಕದವರು ಗಟ್ಟಿಯಾಗಿ ಓದಿದಾಗ ಕೇಳಿಸಿತು.

ಇನ್ನೊಂದು ಮಾತು. ಗಡಿಯಾರಕ್ಕೂ ಗಡಿಗೂ ಯಾವ ಸಂಬಂಧವೂ ಇಲ್ಲ. ಗಡಿಯಾರ ಘಳಿಗೆಯ ಕಡೆಯ ನಂಟಸ್ತಿಕೆಯ ಪದ. ಒಳ್ಳೆಯ ಬೋಗಿ ಸುಳಿವಿನ ಗುರುತು ಇದೇ. ‘ಅರಮನೆ’ಯನ್ನು ಅರ, ಮನೆ ಅಂತ ಒಡೆದು, ‘ಉಜ್ಜುವ ಹತಾರ ಇಟ್ಟ ವಾಸದ ಜಾಗ, ರಾಜನದು (4)’ ಅಂತ ಸುಳಿವು ಕೊಡಬಹುದು. ತಪ್ಪೇನಿಲ್ಲ. ಆದರೆ ಅರಮನೆಯೊಳಗಿನ ಮನೆ ನಿಜವಾದ ಮನೆಯೇ ಆದ್ದರಿಂದ ಅರ್ಧ ಉತ್ತರವನ್ನು ಕೈಗೇ ಕೊಟ್ಟ ಹಾಗಾಯಿತು. ಮಧುಗಿರಿಯನ್ನು ಜೇನು, ಬೆಟ್ಟ ಅಂತ ಒಡೆಯುವುದೂ ಇದೇ ಕತೆ. ಬಿಡಿಸುವವರಿಗೆ ಇದರಿಂದ ತಿಳಿಯಬೇಕಾದದ್ದು: ತುಂಡುಗಳ ಅರ್ಥವನ್ನು ಉತ್ತರದ ಅರ್ಥದ ಹತ್ತಿರ ಹುಡುಕಬೇಡಿ. ಎಲ್ಲೋ ದೂರದಲ್ಲಿ ಹುಡುಕಿ.

ಪ್ರತಿ ಪದಕ್ಕೂ ಕೆಲಸ ಇರಬೇಕು

ಉತ್ತರ ಸಿಕ್ಕಿತು ಅನ್ನಿಸಿದ ಮೇಲೆ ಒಂದು ತಪಾಸಣೆ ಇದೆ. ಸುಳಿವಿನ ಒಂದೊಂದು ಪದದ ಮೇಲೂ ಬೆರಳಿಟ್ಟು ‘ನೀನು ಇಲ್ಲಿ ಏನು ಮಾಡ್ತಿದ್ದೀಯಪ್ಪ?’ ಅಂತ ಕೇಳಬೇಕು. ಉತ್ತರ ಮೂರೇ ಇರಬಹುದು. ನಾನು ಒಂದು ತುಂಡು. ನಾನು ನೇರ ಅರ್ಥ. ಇಲ್ಲವೇ, ನಾನು ಇವರನ್ನು ಸೇರಿಸುವ ಕೊಂಡಿ. ನಾಲ್ಕನೆಯ ಉತ್ತರ ಬಂದರೆ ನೀವು ತಪ್ಪು ದಾರಿಯಲ್ಲಿದ್ದೀರಿ, ಅಥವಾ ಸುಳಿವು ಕಟ್ಟಿದವರು ತಪ್ಪಿದ್ದಾರೆ.

ಇದು ಮೇಷ್ಟ್ರು ಹೊಸದಾಗಿ ಮಾಡಿದ ಕಾನೂನಲ್ಲ. ಇಂಗ್ಲೆಂಡಿನಲ್ಲಿ ಅಬ್ಸರ್ವರ್ ಪತ್ರಿಕೆಗೆ ಝಿಮೆನೀಸ್ ಅನ್ನುವ ಹೆಸರಿನಲ್ಲಿ ಕ್ರಾಸ್‌ವರ್ಡ್ ಕಟ್ಟುತ್ತಿದ್ದ ಡಿ. ಎಸ್. ಮ್ಯಾಕ್‌ನಟ್ ಈ ಶಿಸ್ತನ್ನು ಗಟ್ಟಿ ಮಾಡಿದವರು. ಸುಳಿವಿನಲ್ಲಿ ಸರಿಯಾದ ನೇರ ಅರ್ಥ ಇರಬೇಕು, ನ್ಯಾಯವಾದ ಆಟ ಇರಬೇಕು, ಬೇರೇನೂ ಇರಬಾರದು ಅನ್ನುವುದು ಅವರ ಪಟ್ಟು. ಆ ‘ಬೇರೇನೂ ಇರಬಾರದು’ ಅನ್ನುವುದೇ ಬಿಡಿಸುವವರಿಗೆ ಸಿಕ್ಕಿದ ದೊಡ್ಡ ಆಯುಧ.

ನಾನೊಮ್ಮೆ ಗಡಿಯಾರದ ಸುಳಿವನ್ನು ಚಂದ ಮಾಡಲು ಹೋಗಿ ‘ಪಾವಗಡದ ಸರಹದ್ದು ಯಾವ ಮನುಷ್ಯನ’ ಅಂತ ಬರೆದಿದ್ದೆ. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ‘ಪಾವಗಡದ’ ಅನ್ನುವುದನ್ನು ಹೊಡೆದು, ‘ಇವನು ಟಿಕೆಟ್ ಇಲ್ಲದೆ ಹತ್ತಿದ್ದಾನೆ’ ಅಂತ ಪಕ್ಕದಲ್ಲಿ ಬರೆದರು.

ಕೊಂಡಿ ಪದಗಳ ಬಗ್ಗೆ ಸ್ವಲ್ಪ ಹೇಳಬೇಕು. ಜೊತೆ, ಸೇರಿ, ಅಂಟಿ, ತಾಗಿ, ಕಟ್ಟಿಕೊಂಡು, ಆಮೇಲೆ, ಬೆನ್ನಿಗೆ. ಇಂಥವು ಕಂಡರೆ ಬೋಗಿ ಸುಳಿವು ಇರಬಹುದು ಅಂತ ಅನುಮಾನಿಸಿ. ಗಡಿಯಾರದ ಸುಳಿವಿನಲ್ಲಿ ಕೊಂಡಿಯೇ ಇಲ್ಲ, ತುಂಡುಗಳು ಸುಮ್ಮನೆ ಒಂದರ ಪಕ್ಕ ಒಂದು ಕೂತಿವೆ. ಅದೂ ಸರಿಯೇ.

ಕೊಂಡಿ ಪದ ಕೆಲವೊಮ್ಮೆ ತುಂಡುಗಳ ಕ್ರಮವನ್ನು ತಿರುಗಿಸುತ್ತದೆ. ‘ವಿಕ್ರಯಿಸುವುದಕ್ಕೆ ಮುಂಚೆ ಶಿರ: ಒಂದು ಪೀಳಿಗೆ (4)’. ಸುಳಿವಿನಲ್ಲಿ ವಿಕ್ರಯ ಮೊದಲು ಬಂದಿದೆ. ಆದರೆ ‘ಮುಂಚೆ ಶಿರ’ ಅಂದಿದ್ದಾರೆ. ಹಾಗಾಗಿ ತಲೆ ಮೊದಲು, ಮಾರು ಆಮೇಲೆ. ತಲೆಮಾರು.

ಇಲ್ಲಿ ‘ಮುಂಚೆ’ ಬದಲು ‘ಮುಂದೆ’ ಅಂತ ಇದ್ದಿದ್ದರೆ? ನಮ್ಮ ಬೋಗಿಯಲ್ಲಿ ಇದರ ಮೇಲೆ ಒಂದು ವಾರ ಜಗಳ ನಡೆದಿದೆ. ‘ಮುಂದಿನ ಅಕ್ಷರ’ ಅಂದರೆ ಬಲಗಡೆಯದು. ‘ಇಂಜಿನ್ ಬೋಗಿಯ ಮುಂದೆ ಇದೆ’ ಅಂದರೆ ಇಂಜಿನ್ ಮೊದಲು, ಬೋಗಿ ಆಮೇಲೆ. ಒಂದೇ ಪದ ಎರಡು ದಿಕ್ಕನ್ನೂ ತೋರಿಸುತ್ತದೆ. ಆದ್ದರಿಂದ ‘ಮುಂದೆ’, ‘ಹಿಂದೆ’ ಕಂಡರೆ ಎರಡೂ ಕ್ರಮದಲ್ಲಿ ಜೋಡಿಸಿ ನೋಡಿ, ಒಂದಕ್ಕೇ ಅಂಟಿಕೊಳ್ಳಬೇಡಿ. ‘ಮೇಲೆ’ ಅನ್ನುವುದು ಮೇಲಿನಿಂದ ಕೆಳಕ್ಕೆ ಬರೆಯುವ ಉತ್ತರದಲ್ಲಿ ಮಾತ್ರ ನೇರವಾಗಿದೆ: ಯಾವುದು ಮೇಲಿದೆಯೋ ಅದು ಮೊದಲು.

ಚೌಕ ಒಂದು ಕಡಿಮೆ ಬಂದಾಗ

ಈಗ ಕನ್ನಡದ ತೊಡಕಿಗೆ ಬರೋಣ. ಇಂಗ್ಲಿಷ್ ಬಿಡಿಸಿ ಪಳಗಿದವರೂ ಇಲ್ಲಿ ಮುಗ್ಗರಿಸುತ್ತಾರೆ.

ಮೊದಲು ಎಣಿಕೆ. ಕನ್ನಡದ ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದೇ. ‘ಅಕ್ಕ’ ಅಂದರೆ ಎರಡು ಚೌಕ, ‘ಅಂಗ’ ಅಂದರೂ ಎರಡೇ. ಇದು ಗೊತ್ತಿದ್ದದ್ದೇ.

ಮೇಷ್ಟ್ರ ಸುಳಿವು:

‘ಕೊಡಲಿಯ ಹಿಡಿ ಕೆರೆಯ ಒಡ್ಡಿಗೆ ತಾಗಿದಾಗ ಹರಿದವಳು (3)’

ಕತೆ ಮರೆಯಿರಿ. ಅಮಾನಿಕೆರೆಯ ಕಡೆ ಯಾರೋ ಹೆಂಗಸು ಕೊಡಲಿ ಹಿಡಿದು ಹೋಗುವ ಚಿತ್ರ ಬಂದರೆ ಒರೆಸಿಹಾಕಿ. ಕತ್ತರಿ ಹಾಕುವ ಜಾಗ ಇಲ್ಲಿ ಸುಲಭ. ‘ತಾಗಿದಾಗ’ ಕೊಂಡಿ. ಅದರ ಆಚೆ ‘ಹರಿದವಳು’, ಈಚೆ ಎರಡು ತುಂಡು. ಹರಿಯುವುದು ಅಂದರೆ ಕಿತ್ತುಹೋಗುವುದೂ ಹೌದು, ನೀರು ಹರಿಯುವುದೂ ಹೌದು. ಹರಿಯುವವಳು ಅಂದರೆ ನದಿ. ಪದಬಂಧದಲ್ಲಿ ಹೆಂಗಸು ಹರಿದರೆ ನೂರಕ್ಕೆ ತೊಂಬತ್ತು ಸಲ ನದಿಯೇ.

ನಾನು ತುಮಕೂರಿನವನು. ಮೊದಲು ಬಂದದ್ದು ದೇವರಾಯನದುರ್ಗದಲ್ಲಿ ಹುಟ್ಟುವ ನದಿಗಳು. ಶಿಂಷಾ, ಎರಡೇ ಚೌಕ. ಜಯಮಂಗಲಿ, ಐದು. ಎರಡೂ ಕೂರುವುದಿಲ್ಲ. ಮೂರಕ್ಷರದ ನದಿಗಳು ಕಬಿನಿ, ಕಪಿಲಾ, ಕಾವೇರಿ, ನರ್ಮದಾ, ಯಮುನಾ. ಪಟ್ಟಿ ಇದೆ, ಆದರೆ ಯಾವುದು?

ತುಂಡುಗಳ ಕಡೆ ಹೋದೆ. ಕೊಡಲಿಯ ಹಿಡಿಗೆ ಕಾವು ಅನ್ನುತ್ತಾರೆ. ‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಅನ್ನುವ ಗಾದೆ ಇದೆಯಲ್ಲ, ಅದೇ ಕಾವು. ಎರಡು ಅಕ್ಷರ. ಕೆರೆಯ ಒಡ್ಡಿಗೆ ನಮ್ಮ ಕಡೆ ಯಾರನ್ನು ಕೇಳಿದರೂ ಏರಿ ಅನ್ನುತ್ತಾರೆ. ಕೆರೆ ಏರಿ ಮೇಲೆ ಹೋದ, ಏರಿ ಒಡೀತು, ಹೀಗೆ. ಅದೂ ಎರಡು. ಎರಡು ಮತ್ತು ಎರಡು ನಾಲ್ಕು. ಚೌಕ ಇರುವುದು ಮೂರು.

ಇಲ್ಲಿ ನಾನು ಕೈಬಿಟ್ಟೆ. ಲೆಕ್ಕ ತಪ್ಪಿತು, ತುಂಡು ತಪ್ಪಿರಬೇಕು ಅಂದುಕೊಂಡೆ. ನಿಜಕ್ಕೂ ಲೆಕ್ಕ ಒಂದು ಹೆಚ್ಚು ಬಂದದ್ದೇ ಸರಿಯಾದ ಸೂಚನೆಯಾಗಿತ್ತು. ಕಾವು, ಏರಿ. ‘ವು’ ಅನ್ನುವುದರ ಕೊನೆಯ ಉಕಾರ ಬಿದ್ದುಹೋಗಿ, ಉಳಿದ ವಕಾರಕ್ಕೆ ಏಕಾರ ಅಂಟಿಕೊಂಡರೆ ‘ವೇ’. ಕಾವೇರಿ! ಶಾಲೆಯಲ್ಲಿ ‘ಊರು ಅಲ್ಲಿ, ಊರಲ್ಲಿ’ ಅಂತ ಕಲಿತ ಲೋಪಸಂಧಿ. ಎರಡು ಅಕ್ಷರ ಕರಗಿ ಒಂದಾಗುತ್ತವೆ, ಅದಕ್ಕೇ ಚೌಕ ಒಂದು ಕಡಿಮೆ.

ಇದನ್ನು ಬಿಡಿಸುವವರ ಲೆಕ್ಕಾಚಾರವಾಗಿ ಹೇಳುವುದಾದರೆ ಹೀಗೆ. ಎರಡನೆಯ ತುಂಡು ಸ್ವರದಿಂದ ಶುರುವಾಗುತ್ತಿದೆಯಾ ನೋಡಿ, ಅಂದರೆ ಅ, ಆ, ಇ, ಉ, ಎ, ಏ, ಒ ಹೀಗೆ. ಆಗುತ್ತಿದ್ದರೆ ತುಂಡುಗಳ ಒಟ್ಟು ಎಣಿಕೆ ಚೌಕಕ್ಕಿಂತ ಒಂದು ಹೆಚ್ಚಿರುವುದು ಸಹಜ. ಎಣಿಕೆ ಸರಿಸಮ ಬಂದರೆ ನಡುವೆ ಯಕಾರವೋ ವಕಾರವೋ ನುಗ್ಗಿರಬೇಕು, ‘ಮನೆ ಅಲ್ಲಿ, ಮನೆಯಲ್ಲಿ’ ಆದ ಹಾಗೆ. ಎರಡನೆಯ ತುಂಡು ವ್ಯಂಜನದಿಂದ ಶುರುವಾದರೆ ಎಣಿಕೆ ಚೌಕಕ್ಕೆ ಸಮ ಇರಲೇಬೇಕು. ಕ, ತ, ಪ ಮೃದುವಾಗಿ ಗ, ದ, ಬ ಆದರೂ ಎಣಿಕೆ ಬದಲಾಗುವುದಿಲ್ಲ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇದಕ್ಕೊಂದು ಹೊರಗುಳಿಯುವ ಜಾತಿ ಇದೆ: ಮೊದಲ ತುಂಡು ಅರ್ಧಾಕ್ಷರದಲ್ಲಿ ಮುಗಿದರೆ. ರೈಲಿನಲ್ಲಿ ಯಾವನೋ ಹುಡುಗ ‘ಹಿಂದಿಯಲ್ಲಿ ನೀನು, ಕನ್ನಡದಲ್ಲಿ ಆಸೀನನಾಗು: ಯಾವ ಊರು?’ ಅಂತ ಕೇಳಿ ‘ತುಮ್ ಕೂರು’ ಅಂತ ತಾನೇ ನಕ್ಕಿದ್ದ. ಆಡುಮಾತಿಗೆ ಚಂದ. ಚೌಕಕ್ಕೆ ಇಳಿಸಿದರೆ ಅದು ತು, ಮ್ಕೂ, ರು ಅಂತ ಮೂರೇ ಆಗುತ್ತದೆ. ನಮ್ಮ ಊರಿಗೆ ನಾಲ್ಕು ಚೌಕ ಬೇಕು. ಹಾಗಾಗಿ ಆ ಜೋಕು ರೈಲಿನಲ್ಲೇ ಉಳಿಯಿತು, ನೋಟ್‌ಬುಕ್ಕಿಗೆ ಹತ್ತಲಿಲ್ಲ.

ಅಡ್ಡ ಬಂದ ಅಕ್ಷರದಿಂದ ಹಿಂದಕ್ಕೆ ಬಿಚ್ಚುವುದು

ಕಾವೇರಿ ನನಗೆ ನೇರವಾಗಿ ಹೊಳೆದಿದ್ದಲ್ಲ ಅಂತ ಒಪ್ಪಿಕೊಂಡುಬಿಡುತ್ತೇನೆ. ಮೇಲಿನಿಂದ ಕೆಳಕ್ಕೆ ಇಳಿಯುವ ಇನ್ನೊಂದು ಉತ್ತರದಿಂದ ನಡುವಿನ ಚೌಕಕ್ಕೆ ‘ವೇ’ ಬಂದಿತ್ತು. ಅದು ‘ವೇಷ’ ಅನ್ನುವ ಪದದ ಮೊದಲಕ್ಷರ.

ಕನ್ನಡದಲ್ಲಿ ಅಡ್ಡ ಬರುವ ಅಕ್ಷರ ಇಂಗ್ಲಿಷ್‌ಗಿಂತ ಜಾಸ್ತಿ ಹೇಳುತ್ತದೆ. ಇಂಗ್ಲಿಷ್‌ನಲ್ಲಿ ಚೌಕಕ್ಕೆ ಒಂದು ಬಿಡಿ ಅಕ್ಷರ ಸಿಗುತ್ತದೆ, ಅಷ್ಟೇ. ನಮ್ಮಲ್ಲಿ ‘ವೇ’ ಸಿಕ್ಕರೆ ವ್ಯಂಜನವೂ ಸಿಕ್ಕಿತು, ಸ್ವರವೂ ಸಿಕ್ಕಿತು. ಆ ಅಕ್ಷರದಲ್ಲೇ ಸಂಧಿಯ ಗಾಯ ಇರಬಹುದು. ‘ವೇ’ಯನ್ನು ಬಿಚ್ಚಿ ನೋಡಿ: ಎಡಗಡೆಯ ತುಂಡು ವು, ವ, ವಿ ಯಾವುದರಲ್ಲೋ ಮುಗಿದಿರಬಹುದು, ಬಲಗಡೆಯ ತುಂಡು ಏ ಇಂದ ಶುರುವಾಗಿರಬಹುದು. ಏ ಇಂದ ಶುರುವಾಗುವ, ಎರಡಕ್ಷರದ, ಒಡ್ಡು ಅನ್ನುವ ಅರ್ಥದ ಪದ? ಏರಿ. ಬಲಗಡೆಯಿಂದ ದಾರಿ ತೆರೆಯಿತು. ಎಡಗಡೆಯಲ್ಲಿ ‘ವು’ ಎಂದು ಮುಗಿಯುವ ಕೊಡಲಿಯ ಹಿಡಿ ಹುಡುಕಿದರೆ ಕಾವು ತಾನಾಗಿ ಬಂತು.

ಅಂದಹಾಗೆ ಮೊದಲಕ್ಷರ ‘ಹಾ’ ಅಂತ ಅಡ್ಡ ಬಂದಿದ್ದರೆ ಇದೇ ಏರಿಗೆ ಹಾವು ತಾಗಿ ಹಾವೇರಿ ಆಗುತ್ತಿತ್ತು. ಏರಿ ಅನ್ನುವುದಕ್ಕೆ ‘ಹತ್ತಿ’ ಅನ್ನುವ ಅರ್ಥವೂ ಇದೆ, ಕಾವು ಅನ್ನುವುದಕ್ಕೆ ‘ಬಿಸಿ’ ಅನ್ನುವುದೂ ಇದೆ. ಸುಳಿವು ಕಟ್ಟುವವರಿಗೆ ಹಬ್ಬ.

ಇದೇ ಜಾತಿಯ ಇನ್ನೆರಡು. ‘ಮುದ್ದೆಯ ಜೊತೆಗಾರ ಅವಯವ ಸೇರಿಸಿಕೊಂಡು ಜಿಂಕೆಯಾದ (3)’. ನಾನು ಬಸ್ಸಾರಿನಲ್ಲೇ ಸಿಕ್ಕಿಹಾಕಿಕೊಂಡಿದ್ದೆ, ಅದಕ್ಕೇ ಮೂರು ಚೌಕ ಮುಗಿದುಹೋಗುತ್ತದೆ. ಬರೀ ಸಾರು ಸಾಕಿತ್ತು. ಸಾರು, ಅಂಗ: ಉಕಾರ ಬಿದ್ದು ಸಾರಂಗ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗ ನೋಡಿಕೊಂಡು ಬಂದವರೊಬ್ಬರು ಇದನ್ನು ನಿಮಿಷದಲ್ಲಿ ಬಿಡಿಸಿದರು, ಅವರಿಗೆ ತುಂಡೇ ಬೇಕಾಗಲಿಲ್ಲ.

ಎರಡನೆಯದು: ‘ಕೈಕಾಲು ಜೋಡಿಸಿಕೊಂಡು ಜೇನು ಕೀಳುವವನು (3)’. ಇದು ಮೇಷ್ಟ್ರ ಕುತಂತ್ರ. ‘ಕೈಕಾಲು’ ಅಂತಲೇ ಬರೆದರೆ ಮೂರು ಚೌಕಕ್ಕೆ ಸರಿಯಾಗಿ ಕೂರುತ್ತದೆ! ಆದರೆ ಸುಳಿವಿನಲ್ಲಿ ಇರುವ ಪದವೇ ಉತ್ತರದ ತುಂಡಾಗಿ ಬರುವುದು ಅಪರೂಪ, ಮತ್ತು ನೇರ ಅರ್ಥ ‘ಜೇನು ಕೀಳುವವನು’ ಎಲ್ಲಿ ಹೋಯಿತು? ಕೈಗೆ ಕರ, ಕಾಲಿಗೆ ಅಡಿ. ಎರಡೆರಡು ನಾಲ್ಕು, ಚೌಕ ಮೂರು, ಎರಡನೆಯದು ಸ್ವರದಿಂದ ಶುರು. ಲೆಕ್ಕ ಕೂಡಿತು: ಕರಡಿ. ಗುಂಪಿನಲ್ಲಿ ಒಬ್ಬರು ಇದು ‘ಕರಾಡಿ’ ಆಗಬೇಕಲ್ವಾ, ಸವರ್ಣದೀರ್ಘ ಅಲ್ವಾ ಅಂದರು. ಅದಕ್ಕೆ ಎರಡೂ ಸಂಸ್ಕೃತದ ಪದವಾಗಿರಬೇಕು. ಅಡಿ ನಮ್ಮದು. ಹಾಗಾಗಿ ಲೋಪವೇ.

ಕಟ್ಟಿದವರೇ ತಪ್ಪಿದಾಗ

ಎಲ್ಲ ಸಂಧಿಯೂ ಇಷ್ಟು ಸಲೀಸಲ್ಲ. ಒಂದು ದಿನ ಆ ಕಾಲೇಜು ಹುಡುಗಿ ತಾನೇ ಕಟ್ಟಿದ ಸುಳಿವು ತಂದಳು: ‘ನಾಟಕದ ತೆರೆ, ಕ್ರೀಡೆ ಸೇರಿ ಬರೀ ಒದ್ದಾಟ (4)’. ಗುಬ್ಬಿ ಕಂಪನಿಯ ನಾಟಕ ನೋಡಿದ್ದ ಹಿರಿಯರ ಮುಂದೆ ನಾಟಕದ ಮಾತು ತೆಗೆದಳಲ್ಲ ಅಂತ ಎಲ್ಲರಿಗೂ ಖುಷಿ. ಪರದೆ, ಆಟ: ಪರದಾಟ. ಮೂರು ಮತ್ತು ಎರಡು ಐದು, ಚೌಕ ನಾಲ್ಕು, ಎಣಿಕೆಯೂ ನನ್ನ ಸೂತ್ರಕ್ಕೆ ಸರಿ.

ಮೇಷ್ಟ್ರು ಒಪ್ಪಲಿಲ್ಲ. ‘ನೋಡಮ್ಮ, ಪರದೆ ಆಟ ಅಂದರೆ ಬಾಯಲ್ಲಿ ಏನು ಬರುತ್ತೆ ಹೇಳು.’

‘ಪರದೆಯಾಟ ಸಾರ್.’

‘ಹಾಗಾದರೆ ಯಕಾರವನ್ನು ನೀನು ಎಲ್ಲಿ ಇಳಿಸಿಬಿಟ್ಟೆ?’

ಎಕಾರದಲ್ಲಿ ಮುಗಿಯುವ ಹೆಸರುಪದಕ್ಕೆ ಸ್ವರ ಬಂದರೆ ಯಕಾರ ನಡುವೆ ಬರುತ್ತದೆ, ಅದು ಬಿದ್ದುಹೋಗುವುದಿಲ್ಲ ಅನ್ನುವುದು ಅವರ ವಾದ. ‘ಮೇಲೆ ಇಟ್ಟ’ ಅನ್ನುವುದು ‘ಮೇಲಿಟ್ಟ’ ಆಗುತ್ತಲ್ಲ ಅಂತ ಹುಡುಗಿ ಪಟ್ಟು ಹಿಡಿದಳು. ನನಗೆ ಕೇಳಿದರೆ ಮೇಷ್ಟ್ರದ್ದೇ ಸರಿ, ಆದರೆ ಹುಡುಗಿಯ ಸುಳಿವು ಜಾಸ್ತಿ ರುಚಿಯಾಗಿತ್ತು. ಬಿಡಿಸುವವರಿಗೆ ಇದರಲ್ಲಿ ಉಪಯೋಗದ ಮಾತು ಇಷ್ಟೇ: ಅಕಾರ, ಉಕಾರದಲ್ಲಿ ಮುಗಿಯುವ ತುಂಡಿನ ಮುಂದೆ ಲೋಪವನ್ನು ಧೈರ್ಯವಾಗಿ ನಂಬಿ. ಎ, ಇ ಯಲ್ಲಿ ಮುಗಿದರೆ ಮೊದಲು ಯಕಾರ ಹಾಕಿ ನೋಡಿ, ಆಮೇಲೆ ಕಟ್ಟಿದವರ ಸ್ವಭಾವ ನೋಡಿ.

ಅಲ್ಪಪ್ರಾಣ, ಮಹಾಪ್ರಾಣದ ಕಳ್ಳಾಟವೂ ಹೀಗೇ. ಕಾರವಾರವನ್ನು ‘ಮೆಣಸಿನಕಾಯಿಯ ಗುಣ, ಏಳು ದಿನ’ ಅಂತ ಒಡೆದದ್ದನ್ನು ನೋಡಿದ್ದೇನೆ. ಬಾಯಲ್ಲಿ ಎಲ್ಲರೂ ಕಾರ ಅನ್ನುತ್ತೇವೆ, ಬರೆಯುವಾಗ ಖಾರ. ಚೌಕದಲ್ಲಿ ಬರೆಯುವುದು ಕೈ, ಬಾಯಲ್ಲ. ನಾನಾದರೆ ಒಪ್ಪುವುದಿಲ್ಲ.

ಒಂದಕ್ಷರದ ಬೋಗಿಗಳು

ತುಂಡು ಎರಡೇ ಇರಬೇಕು ಅಂತಿಲ್ಲ. ಒಂದಕ್ಷರದ ಪದಗಳು ಸಿಕ್ಕಿದರೆ ಮೂರು, ನಾಲ್ಕು ಬೋಗಿಯೂ ಆಗಬಹುದು. ಮೈ, ಕೈ, ಬಾ, ತಾ, ನಾ, ನೀ, ಈ, ಆ, ಹೂ, ಗೋ. ಸುಳಿವಿನಲ್ಲಿ ‘ಕರೆ’ ಅಂದರೆ ಬಾ ಇರಬಹುದು, ‘ಹಸು’ ಅಂದರೆ ಗೋ ಇರಬಹುದು. ಇವು ಕಣ್ಣಿಗೆ ಬೀಳುವುದು ಕೊನೆಗೆ, ಯಾಕೆಂದರೆ ಒಂದೇ ಅಕ್ಷರವನ್ನು ಪದ ಅಂತ ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇಂಗ್ಲಿಷ್‌ನವರು ದಿಕ್ಕುಗಳ ಮೊದಲಕ್ಷರ, ರೋಮನ್ ಅಂಕಿ ಇಂಥವನ್ನು ಬಿಡಿ ಅಕ್ಷರಕ್ಕೆ ಬಳಸುತ್ತಾರೆ. ನಮಗೆ ಅದಕ್ಕಿಂತ ಒಳ್ಳೆಯದು ಇದೆ: ಸರಿಗಮಪದನಿ. ಸುಳಿವಿನಲ್ಲಿ ಸ್ವರ, ಸಂಗೀತ, ರಾಗ ಅಂತ ಕಂಡರೆ ಈ ಏಳು ಅಕ್ಷರಗಳನ್ನು ಒಮ್ಮೆ ನೆನೆಸಿಕೊಳ್ಳಿ. ‘ಮೂರು ಸ್ವರ ಹಾಡಿದ ಸರ್ಕಾರಿ ಸಂಸ್ಥೆ (3)’ ಅಂದರೆ ನಿ, ಗ, ಮ. ನಿಗಮ.

ಕೊನೆಗೆ, ನನ್ನನ್ನು ದಾಬಸ್‌ಪೇಟೆಯ ತನಕ ಕೂರಿಸಿದ ಸುಳಿವು

‘ಹಿರಿಯ ಸೋದರಿಯ ಬೆನ್ನಿಗೆ ಕಡ ಹೊತ್ತವನು, ಒಡವೆ ಅವನ ಕಸುಬು (5)’

ನೇರ ಅರ್ಥ ಕೊನೆಯಲ್ಲಿ, ಒಡವೆ ಮಾಡುವವನು. ‘ಬೆನ್ನಿಗೆ’ ಕೊಂಡಿ, ಅಂದರೆ ಸೋದರಿ ಮೊದಲು, ಅವನು ಆಮೇಲೆ. ಹಿರಿಯ ಸೋದರಿ ಅಕ್ಕ, ಎರಡು ಚೌಕ. ಕಡ ಹೊತ್ತವನು ಸಾಲಗಾರ, ನಾಲ್ಕು. ಒಟ್ಟು ಆರು, ಚೌಕ ಐದು. ‘ಓ, ಲೋಪ’ ಅಂತ ಕಾವೇರಿಯ ಗುಂಗಿನಲ್ಲಿ ಹಾರಿದೆ. ಅಕ್ಕಸಾಲಗಾರ, ಅಕ್ಕಾಲಗಾರ, ಏನೇನೋ ತಿರುಚಿದೆ. ‘ಚಿನಿವಾರ’ ಅಂತ ಪೂರ್ತಿ ಬೇರೆ ಪದಕ್ಕೂ ಹೋಗಿಬಂದೆ, ಅದು ನಾಲ್ಕೇ ಚೌಕ.

ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಾ, ‘ಸಾಲಗಾರ ಯಾವುದರಿಂದ ಶುರುವಾಗುತ್ತೆ?’ ಅಂತ ಮಾತ್ರ ಕೇಳಿದರು.

ಸಕಾರ. ವ್ಯಂಜನ. ಅಲ್ಲಿ ಕರಗುವುದಕ್ಕೆ ಏನೂ ಇಲ್ಲ. ಹಾಗಾದರೆ ಎಣಿಕೆ ಸಮ ಇರಲೇಬೇಕು, ಆರು ಬಂದರೆ ತಪ್ಪು ಇರುವುದು ಸಂಧಿಯಲ್ಲಲ್ಲ, ತುಂಡಿನಲ್ಲಿ. ಕಡ ಹೊತ್ತವನಿಗೆ ಮೂರಕ್ಷರದ ಇನ್ನೊಂದು ಪದ ಬೇಕು. ಸಾಲಗಾರನ ಇನ್ನೊಂದು ರೂಪ ಸಾಲಿಗ. ಅಕ್ಕ, ಸಾಲಿಗ.

ಹುಡುಗಿ ಆಗಲೇ ನೋಟ್‌ಬುಕ್ಕಿನಲ್ಲಿ ಬರೆದು ಮುಗಿಸಿ, ಪೆನ್ನಿನ ಮುಚ್ಚಳ ಹಾಕಿಕೊಂಡು ಕೂತಿದ್ದಳು.